ಕಾಸಿದ ಸೂಜಿಗೆ ಬಗ್ಗದ ನಿಪ್ಪಲ್

ನಮ್ಮ ಮನೆಯಲ್ಲಿ ಆ ಕತೆಯನ್ನು ಹೇಳುವ ರೀತಿ ಹೀಗೆ: ಅಣ್ಣನ ಹೆಂಡತಿ, ನಮ್ಮ ವೈನಿ, ನೌಕರಿಯ ಗಡಿಬಿಡಿಯಲ್ಲಿ ಮಗುವಿನ ಬಾಯಿಗೆ ಬಾಟಲಿ ಇಟ್ಟು ಹೋದಳು, ಮಗು ರಬ್ಬರನ್ನು ಕಚ್ಚಿ ನುಂಗಿತು, ದೇವರು ದೊಡ್ಡವನು, ಉಳಿಯಿತು, ಆಮೇಲೆ ಅವಳಿಗೇ ಬುದ್ಧಿ ಬಂದು ಸಾಲಿಯ ಕೆಲಸ ಬಿಟ್ಟಳು. ಬಂದ ಬೀಗರಿಗೂ ಇಷ್ಟೇ, ಓಣಿಯವರಿಗೂ ಇಷ್ಟೇ.

ಕಾಲೇಜಿನಲ್ಲಿ ನನಗೆ ಚರ್ಚಾಸ್ಪರ್ಧೆಯ ಹುಚ್ಚು ಇತ್ತು. ಎದುರಿನವರ ಮಾತನ್ನು ಬಿಡಿಸಿ ಒಂದೊಂದು ಎಳೆಯನ್ನೂ ಜಗ್ಗಿ ನೋಡುವುದು ಅಲ್ಲಿ ಕಲಿತ ಚಟ. ಈ ಕತೆಯನ್ನು ಜಗ್ಗಿದರೆ ಒಂದು ಎಳೆಯೂ ನಿಲ್ಲುವುದಿಲ್ಲ. ಬಾಟಲಿ ಇಟ್ಟವರು ವೈನಿ ಅಲ್ಲ. ಆ ಹೊತ್ತಿಗೆ ಅವರು ಗುಡೂರಿನ ಸಾಲಿಯಲ್ಲಿ ಮೂರನೇ ಇಯತ್ತೆಗೆ ಮಗ್ಗಿ ಹೇಳಿಸುತ್ತಿದ್ದರು. ಅದು ರಬ್ಬರೂ ಅಲ್ಲ. ಇನ್ನು ಮಗು ಕಚ್ಚಿತು ಎನ್ನುವುದು. ಕೆಳಗಿನ ಎರಡೇ ಹಲ್ಲು ಬಂದಿದ್ದ ಕೂಸು ಏನನ್ನು ಕಚ್ಚಿ ತುಂಡು ಮಾಡೀತು? ಮೊದಲೇ ಸೀಳಿದ್ದನ್ನು ಮಾತ್ರ.

ನಾವಿದ್ದದ್ದು ಇಲಕಲ್ಲಿನಲ್ಲಿ. ನಾನು ಬಾಗಲಕೋಟೆಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದೆ, ಸೂಟಿಗೆ ಮನೆಗೆ ಬರುತ್ತಿದ್ದೆ. ಈಗ್ಗೆ ಮೂರು ವರ್ಷದ ಹಿಂದಿನ ಮಾತು, ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ವೈನಿ ಪ್ರಾಥಮಿಕ ಸಾಲಿಯ ಶಿಕ್ಷಕಿ. ಬಾಣಂತನದ ರಜೆ ಮುಗಿದ ಮೇಲೆ ಬೆಳಿಗ್ಗೆ ಮಗುವಿಗೆ ಎದೆಹಾಲು ಕುಡಿಸಿ ಬಸ್ಸು ಹತ್ತುತ್ತಿದ್ದರು. ಅವರು ತಿರುಗಿ ಬರುವವರೆಗೆ ಬಾಟಲಿ, ಮತ್ತು ಬಾಟಲಿ ಹಿಡಿಯುವ ಅವ್ವ.

ಮೊದಲನೆಯದು ಗಾಜಿನದು. ವೈನಿ ಅದಕ್ಕೆ ಒಂದು ಕ್ರಮ ಹಾಕಿದ್ದರು: ಅಗಲ ಪಾತೇಲಿಯ ತಳಕ್ಕೆ ಹಳೆಯ ಅರಿವೆಯ ತುಂಡು, ಅದರ ಮೇಲೆ ಬಾಟಲಿ, ಮುಳುಗುವಷ್ಟು ತಣ್ಣೀರು, ಆಮೇಲೆ ಒಲೆಗೆ ಬೆಂಕಿ. ನೀರಿನ ಜೊತೆಗೇ ಬಾಟಲಿ ಕಾಯಬೇಕು, ನೀರಿನ ಜೊತೆಗೇ ಆರಬೇಕು. ಅವ್ವನಿಗೆ ಇದು ಸೊಕ್ಕಿನಂತೆ ಕಂಡಿತು. ಸ್ನಾನಕ್ಕೆ ಹಂಡೆಯ ತುಂಬ ನೀರು ಕುದಿಯುತ್ತಿರುವಾಗ ಬಾಟಲಿಗಾಗಿ ಬೇರೆ ಒಲೆ ಯಾಕೆ? ಒಂದು ಚಳಿಗಾಲದ ಮುಂಜಾನೆ ಹರವಿಯ ತಣ್ಣೀರಿನಲ್ಲಿ ತೊಳೆದ ಬಾಟಲಿಯನ್ನು ಹಾಗೇ ಹಂಡೆಗೆ ಬಿಟ್ಟಳು. ‘ಟಣ್’ ಎಂದಿತು. ಮೇಲೆತ್ತಿದರೆ ಕೈಯಲ್ಲಿ ಬರೀ ಕೊಳವೆ. ತಳ ಬಳೆಯಂತೆ ದುಂಡಗೆ ಕಳಚಿ ಹಂಡೆಯಲ್ಲೇ ಉಳಿದಿತ್ತು.

“ಅತ್ತಿ, ತಣ್ಣಗಿದ್ದ ಗಾಜು ಒಮ್ಮೆಲೆ ಬಿಸಿ ತಡ್ಯಾಂಗಿಲ್ರಿ,” ಎಂದರು ವೈನಿ.

“ನಿನ್ನ ಗಂಡನ್ನ ಜ್ವಾಪಾನ ಮಾಡಿದ ಕೈಯವ್ವಾ ಇದು. ಅವ ಏನ್ ಒಡದಾನ?”

“ಅವರು ಗಾಜಿನವರಲ್ಲ ಬಿಡ್ರಿ,” ಎಂದು ವೈನಿ ನಕ್ಕರು. ಅವ್ವ ನಗಲಿಲ್ಲ. ಆ ದಿನ ಹಂಡೆಯ ನೀರನ್ನೆಲ್ಲ ಚೆಲ್ಲಿಸಿದರು. ಚೂರು ಉಳಿದೀತೆಂಬ ಅಂಜಿಕೆಯಿಂದ ಯಾರೂ ಸ್ನಾನ ಮಾಡಲಿಲ್ಲ.

ಒಡೆಯುವ ವಸ್ತು ಒಡೆಯುತ್ತದೆ, ಒಡೆಯದ್ದನ್ನು ತಂದರೆ ಆಯಿತಲ್ಲ ಎಂದು ವಾದಿಸಿದವಳು ನಾನು. ಬಾಗಲಕೋಟೆಯ ಔಷಧಿ ಅಂಗಡಿಯಲ್ಲಿ ಕೇಳಿದಾಗ ಅಂಗಡಿಯವರು ಎರಡು ಪ್ಲಾಸ್ಟಿಕ್ ಬಾಟಲಿ ತೆಗೆದಿಟ್ಟರು. ಒಂದು ಗಾಜಿನಂತೆ ಹೊಳೆಯುತ್ತಿತ್ತು, ಇನ್ನೊಂದು ಹಾಲಿನ ಕೆನೆಯಂತೆ ಮಸುಕು.

“ಹೊಳಿಯೋದು ಅಗ್ಗ ಐತಿ. ಆದ್ರ ಕುದಿಯೋ ನೀರಿಗೆ ಹಾಕಿದ್ರ ಸೊಟ್ಟ ಆಕೈತಿ. ಈ ಮಸುಕಿಂದು ಪಾಲಿಪ್ರೊಪಿಲೀನ್. ಎಷ್ಟ್ ಕುದಿಸ್ರಿ, ಏನೂ ಆಗೂದಿಲ್ಲ.”

ಏನೂ ಆಗುವುದಿಲ್ಲ ಎಂಬ ಮಾತನ್ನು ನಾನು ಮನೆಗೆ ತಂದು ಇನ್ನಷ್ಟು ದೊಡ್ಡದು ಮಾಡಿದೆ. ನೀರಿನಲ್ಲಿ ಇರುವತನಕ ಅದು ಖರೆಯೂ ಆಗಿತ್ತು. ಆದರೆ ಒಂದು ದಿನ ಅವ್ವ ಪಾತೇಲಿ ಒಲೆಯ ಮೇಲಿಟ್ಟು ಬಾಗಿಲಿಗೆ ಬಂದ ಬಳೆಗಾರ್ತಿಯ ಹತ್ತಿರ ಕುಳಿತಳು. ನೀರೆಲ್ಲ ಬತ್ತಿತು. ಬರಿ ಪಾತೇಲಿಗೆ ನೀರಿನ ಹಾಗೆ ಕುದಿಯುವ ಮಿತಿ ಇಲ್ಲ. ತಳ ಮೆತ್ತಗಾಗಿ ಅಂಟಿತು, ಕುತ್ತಿಗೆ ಮೊಟ್ಟೆಯಾಕಾರಕ್ಕೆ ತಿರುಗಿ ಮುಚ್ಚಳ ಕೂಡದಾಯಿತು. ಎರಡನೆಯದನ್ನು ತಂದೆ. ಅದು ಸುಡಲಿಲ್ಲ, ಮುಪ್ಪಾಯಿತು. ಕುದಿಸಿದ ಮೇಲೆ ಅವ್ವ ಅದನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಇಡುತ್ತಿದ್ದಳು. ಬಿಸಿಲು ಮುಟ್ಟದ್ದು ಅವ್ವನ ಲೆಕ್ಕದಲ್ಲಿ ಶುದ್ಧವಲ್ಲ. ನಮ್ಮ ಕಡೆಯ ಬಿಸಿಲಿಗೆ ಕೆಲವು ತಿಂಗಳಲ್ಲಿ ಮೈ ಸುಣ್ಣ ಬಳಿದಂತಾಯಿತು, ಕೂದಲೆಳೆಯಂಥ ಗೆರೆಗಳು ಮೂಡಿದವು. ಒಳಗೆ ಬೂದಿ ಹಾಕಿ ತಿಕ್ಕಿದ ಗೀರುಗಳಲ್ಲಿ ಹಾಲಿನ ಹುಳಿವಾಸನೆ ಕೂತು, ಎಷ್ಟು ತೊಳೆದರೂ ಹೋಗದಾಯಿತು. ಗಾಜು ಹೋದರೆ ಸದ್ದು ಮಾಡಿ ಹೋಗುತ್ತದೆ. ಇದು ಹೋದದ್ದು ಯಾವಾಗ ಎಂದೇ ಹೇಳಲು ಬರುವುದಿಲ್ಲ. ಮಗುವಿಗೆ ಎರಡು ಸಲ ಹೊಟ್ಟೆ ಕೆಟ್ಟಿತು. ಕಾರಣ ಬಾಟಲಿಯೇ ಎಂದು ನಾನು ಆಣೆ ಮಾಡಲಾರೆ. ವೈನಿ ಮಾತ್ರ ಒಂದು ಸಂಜೆ ಅದನ್ನು ಎಸೆದು, ಹುನಗುಂದದಿಂದ ಎರಡು ಗಾಜಿನ ಬಾಟಲಿ ತಂದರು.

ಹೀಗೆ ಬಾಟಲಿಯ ವಾದದಲ್ಲಿ ಸೋತೆ. ನಿಪ್ಪಲಿನದು ಬಾಕಿ ಇತ್ತು.

ರಬ್ಬರಿನ ನಿಪ್ಪಲ್‌ಗಳು ಕುದಿಕುದಿದು ಉಬ್ಬಿ, ಬೆರಳಿಗೆ ಅಂಟುವಷ್ಟು ಜಿಗುಟಾಗುತ್ತಿದ್ದವು. ಅವು ಬರುವುದೂ ತೂತಿಲ್ಲದೆ, ಇಲ್ಲವೆ ತೀರ ಸಣ್ಣ ತೂತಿನೊಂದಿಗೆ. ತೂತು ಮಾಡುವುದು ಅವ್ವನ ಕೆಲಸ, ಅದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಸೂಜಿಯನ್ನು ಚಿಮಣಿ ದೀಪದ ಉರಿಯಲ್ಲಿ ಕೆಂಪಗೆ ಕಾಸಿ ತುದಿಗೆ ತಾಗಿಸುವಳು. ಚುಂಯ್ ಎಂದು ಹೊಗೆ, ಸುಟ್ಟ ವಾಸನೆ. ರಬ್ಬರು ಕರಗಿ ತೂತಿನ ಅಂಚು ದುಂಡಗೆ, ನಯವಾಗಿ ಕೂಡುತ್ತಿತ್ತು. ಅಂಥ ತೂತು ಹರಿದದ್ದನ್ನು ನಾನು ನೋಡಿಲ್ಲ. ಓಣಿಯ ಬಾಣಂತಿಯರೆಲ್ಲ ನಿಪ್ಪಲ್ ತಂದು ಅವ್ವನ ಮುಂದೆ ಕೂಡುತ್ತಿದ್ದರು.

ವೈನಿಯ ತಮ್ಮ ಮುಂಬೈಯಲ್ಲಿದ್ದವನು ಅಕ್ಕನ ಮಗುವಿಗೆಂದು ಎರಡು ಹೊಸ ನಮೂನೆಯ ನಿಪ್ಪಲ್ ಕಳಿಸಿದ. ಸಿಲಿಕೋನ್. ನೀರಿನಂತೆ ತಿಳಿ, ವಾಸನೆ ಇಲ್ಲ, ಕುದಿಸಿದರೆ ಅಂಟುವುದಿಲ್ಲ. ಪಾಕೀಟಿನ ಮೇಲೆ ಬರೆದದ್ದನ್ನು ಓದಿ ನಾನು ಅವ್ವನೆದುರು ಭಾಷಣವನ್ನೇ ಮಾಡಿದೆ: “ಬೆಂಕಿಗೂ ಇದು ದರಕಾರ ಮಾಡಾಂಗಿಲ್ಲ ಬೇ. ರಬ್ಬರ್ ಸಾಯತೈತಿ, ಇದು ಸಾಯಾಂಗಿಲ್ಲ.”

“ಸಾಯಲಾರದ್ದು ಯಾವುದೂ ಇಲ್ಲ. ನಿನ್ನ ಬಾಯೊಂದು ಬಿಟ್ಟು,” ಎಂದಳು ಅವ್ವ.

ಮಗುವಿಗೆ ಆಗ ಹಾಲಿನ ಜೊತೆ ತೆಳುವಾದ ಗಂಜಿ ಬೆರೆಸಿ ಕೊಡುತ್ತಿದ್ದರು. ಹೊಸ ನಿಪ್ಪಲಿನ ತೂತಿನಲ್ಲಿ ಗಂಜಿ ಇಳಿಯಲಿಲ್ಲ. ವೈನಿ ಸಾಲಿಗೆ ಹೋಗುವಾಗ “ಗಂಜಿ ಚಮಚದಾಗ ಹಾಕ್ರಿ ಅತ್ತಿ, ಬಾಟ್ಲಿಯೊಳಗ ಬ್ಯಾಡ,” ಎಂದು ಹೇಳಿಯೇ ಹೋಗಿದ್ದರು. ಇದನ್ನು ನಾನೂ ಕೇಳಿದ್ದೆ. ಆದರೆ ಚಮಚ ಕಂಡರೆ ಮಗು ಬಾಯಿ ಬಿಗಿಹಿಡಿಯುತ್ತಿತ್ತು, ಅತ್ತು ಅತ್ತು ಕೆಂಪಾಗಿತ್ತು. ಅವ್ವ ಚಿಮಣಿ ಹಚ್ಚಿದಳು.

ಸೂಜಿ ತಾಗಿಸಿದಳು. ಹೊಗೆ ಇಲ್ಲ, ವಾಸನೆ ಇಲ್ಲ, ಕಾಡಿಗೆಯ ಒಂದು ಚುಕ್ಕೆ ಅಷ್ಟೇ. ಒತ್ತಿದಳು, ಸೂಜಿ ಒಳಗೆ ಹೋಯಿತು. ತೆಗೆದ ಕೂಡಲೇ ತೂತು ಮುಚ್ಚಿಕೊಂಡಿತು.

“ಇದೇನಬೇ, ಕಾಸಿದ ಸೂಜಿಗೂ ಬಗ್ಗವಲ್ದು!”

ಆಗ ನಾನು ಏನು ಹೇಳಬೇಕಿತ್ತು? ಬೆಂಕಿಗೆ ಕರಗದ ವಸ್ತುವಿಗೆ ಬೆಂಕಿಯಿಂದ ತೂತು ಮಾಡಲಾಗದು ಎಂದು. ನನ್ನ ಭಾಷಣದ ಮುಂದಿನ ವಾಕ್ಯವೇ ಅದಾಗಿತ್ತು. ನಾನು ಹೇಳಿದ್ದು ಬೇರೆ: “ಕೌದಿ ಹೊಲಿಯೋ ಸೂಜಿ ತಗೋ, ಅದು ದಪ್ಪ ಐತಿ.” ಎದ್ದು ಹೋಗಿ ನಾನೇ ತಂದುಕೊಟ್ಟೆ. ಅವ್ವ ಅದನ್ನು ಚುಚ್ಚಿ ಎರಡು ಸಲ ತಿರುವಿದಳು. ಈ ಸಲ ಗಂಜಿ ಸರಾಗ ಇಳಿಯಿತು. ಮಗು ಗಟಗಟ ಕುಡಿದು ಮಲಗಿತು. ಅವ್ವ ಮತ್ತು ನಾನು ಒಬ್ಬರನ್ನೊಬ್ಬರು ನೋಡಿ ನಕ್ಕೆವು. ನಿಪ್ಪಲನ್ನು ಹಿಗ್ಗಿಸಿ ನೋಡುವ ಬುದ್ಧಿ ಇಬ್ಬರಿಗೂ ಬರಲಿಲ್ಲ. ನೋಡಿದ್ದರೆ ತೂತಲ್ಲ, ಸೀಳು ಕಾಣುತ್ತಿತ್ತು. ಸಿಲಿಕೋನ್ ಬಿಸಿಗೆ ಜಗ್ಗುವುದಿಲ್ಲ, ಆದರೆ ಒಮ್ಮೆ ಸೀಳಿದರೆ ಆ ಸೀಳು ಓಡುತ್ತದೆ. ಅದರಲ್ಲಿ ಅದು ರಬ್ಬರಿಗಿಂತ ಬಡವ.

ಮರುದಿನ ಮಧ್ಯಾಹ್ನದ ಹೊತ್ತು. ಮಗು ಅವ್ವನ ತೊಡೆಯ ಮೇಲಿತ್ತು, ನಾನು ಪಡಸಾಲೆಯಲ್ಲಿ ಓದುತ್ತಿದ್ದೆ. ಹೀರುತ್ತಿದ್ದ ಸದ್ದು ತಟ್ಟನೆ ನಿಂತಿತು. ಅಳುವೂ ಇಲ್ಲ, ಕೆಮ್ಮೂ ಇಲ್ಲ. ಅವ್ವ ಮಗುವನ್ನು ಬೋರಲಾಗಿ ಮುಂಗೈ ಮೇಲೆ ಹಾಕಿಕೊಂಡು ಬೆನ್ನಿಗೆ ಬಡಿಯುತ್ತಿದ್ದಳು. ಅದರ ತುಟಿ ನೇರಳೆಯಾಗಿತ್ತು. ಎಷ್ಟು ಹೊತ್ತು ಎಂದು ಕೇಳಬೇಡಿ. ಕೊನೆಗೆ ಗಂಜಿ, ಲೋಳೆ, ಆಮೇಲೆ ಅಳು ಹೊರಬಂತು. ಅಷ್ಟು ಚೆಂದದ ಅಳುವನ್ನು ನಾನು ಆಮೇಲೆ ಕೇಳಿಲ್ಲ. ಕೆಳಗೆ ಬಿದ್ದ ಬಾಟಲಿಯ ನಿಪ್ಪಲಿಗೆ ತುದಿ ಇರಲಿಲ್ಲ. ತೊಗರಿಕಾಳಿನಷ್ಟು ತುಂಡು. ಗಂಜಿಯಲ್ಲಿ ಹುಡುಕಿದೆವು, ಚಾಪೆ ಝಾಡಿಸಿದೆವು. ಸಿಗಲಿಲ್ಲ.

ದವಾಖಾನೆಯಲ್ಲಿ ಡಾಕ್ಟರರು ಎದೆಯ ಎರಡೂ ಬದಿ ಬಹಳ ಹೊತ್ತು ಕೇಳಿದರು. “ಉಸಿರು ಎರಡೂ ಕಡೆ ಸಮ ಐತಿ. ಹೊಟ್ಟಿಗೆ ಹೋಗಿರಬೇಕು. ಎಕ್ಸರೇದಾಗ ಅಷ್ಟು ಸಣ್ಣದು ಕಂಡೇ ಕಾಣತೈತಿ ಅಂತ ಹೇಳಾಕಾಗೂದಿಲ್ಲ. ಸಂಡಾಸ ನೋಡಕೋತ ಇರ್ರಿ. ಜ್ವರ ಬಂದ್ರ, ಉಸಿರಿಗೆ ಸಿಳ್ಳು ಹಿಡದ್ರ, ಹೊಟ್ಟಿ ಉಬ್ಬಿದ್ರ ನಿಂತ ಕಾಲ ಮ್ಯಾಲ ಬರ್ರಿ.”

ಎರಡು ದಿನ ವೈನಿ ಸಾಲಿಗೆ ಹೋಗಲಿಲ್ಲ. ಪ್ರತಿ ಅರಿವೆಯನ್ನೂ ಹಿತ್ತಲಿನಲ್ಲಿ ಹಾಸಿ, ಕಡ್ಡಿಯಿಂದ ಬಿಡಿಸಿ ಬಿಡಿಸಿ ನೋಡುತ್ತಿದ್ದರು. ಅವ್ವ ಒಳಗೆ ಬಂದವರಿಗೆ ಹೇಳುತ್ತಿದ್ದಳು: “ತಾಯಿ ಮನ್ಯಾಗಿದ್ರ ಹಿಂಗಾಗತಿತ್ತೇನ್ರಿ?” ಸುಳ್ಳನ್ನೇನೂ ಅವಳು ಹೇಳಲಿಲ್ಲ. ಪ್ರಶ್ನೆಯನ್ನಷ್ಟೇ ಕೇಳಿದಳು, ಉತ್ತರವನ್ನು ಓಣಿ ತುಂಬಿಕೊಂಡಿತು. ಆ ವಿದ್ಯೆ ನನಗೂ ಗೊತ್ತಿತ್ತು, ಅದರಿಂದಲೇ ಬಹುಮಾನ ಗೆದ್ದಿದ್ದೆ.

ಮೂರನೆಯ ದಿನ ತುಂಡು ಸಿಕ್ಕಿತು. ವೈನಿ ಅದನ್ನು ತೊಳೆದು, ಕುದಿನೀರಿಗೆ ಹಾಕಿ ತೆಗೆದು, ಅಂಗೈಯಲ್ಲಿ ನಿಪ್ಪಲಿಗೆ ಜೋಡಿಸಿ ನೋಡಿದರು. ಸರಿಯಾಗಿ ಕೂತಿತು. ಒಂದು ಬದಿಯಲ್ಲಿ ಅಂಚು ಅಂಕುಡೊಂಕು, ಹರಿದದ್ದು. ಇನ್ನೊಂದು ಬದಿಯಲ್ಲಿ ನೆಟ್ಟಗಿನ ಸೀಳು, ಅದರ ಮೂಲದಲ್ಲಿ ಸೂಜಿ ಚುಚ್ಚಿದ ಗುರುತಿನ ಅರ್ಧ ತುಂಡಿನಲ್ಲಿ, ಅರ್ಧ ನಿಪ್ಪಲಿನಲ್ಲಿ. ನಾನು ಪಕ್ಕದಲ್ಲೇ ನಿಂತಿದ್ದೆ. ವೈನಿ ತಲೆಯೆತ್ತಿ ನನ್ನ ಕಡೆ ನೋಡಿದರು. ಎರಡನ್ನೂ ಕಾಗದದಲ್ಲಿ ಸುತ್ತಿ ಟ್ರಂಕಿನೊಳಗಿಟ್ಟರು.

ಆ ಭಾನುವಾರ ಅಣ್ಣ ವೈನಿಯ ಹೆಸರಿನಲ್ಲಿ ರಾಜೀನಾಮೆಯ ಅರ್ಜಿ ಬರೆದು ತಂದ. “ಒಬ್ಬರ ಪಗಾರದಾಗ ನಡಿತೈತಿ. ಕೂಸು ಮುಖ್ಯ,” ಎಂದ. ಅವ್ವ ಹೂಬತ್ತಿ ಹೊಸೆಯುತ್ತ ಕುಳಿತಿದ್ದಳು, ಕೈ ನಿಂತಿತ್ತು. ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದೆ. ಒಂದೇ ವಾಕ್ಯ ಸಾಕಿತ್ತು. ವೇದಿಕೆಯ ಮೇಲೆ ಹತ್ತು ನಿಮಿಷ ತಡೆಯಿಲ್ಲದೆ ಮಾತಾಡುವ ನನಗೆ ಅದು ಬರಲಿಲ್ಲ. ಅವ್ವನನ್ನು ಉಳಿಸಲು ಸುಮ್ಮನಿದ್ದೆ ಎಂದು ಬಹಳ ದಿನ ನಂಬಿಕೊಂಡಿದ್ದೆ. ಅದು ವಾದವಷ್ಟೇ, ದಪ್ಪ ಸೂಜಿ ತಂದುಕೊಟ್ಟದ್ದು ಅವ್ವ ಅಲ್ಲ. ವೈನಿ ಅರ್ಜಿಯನ್ನು ಎರಡು ಸಲ ಓದಿ, ಒಂದು ಒತ್ತಕ್ಷರದ ತಪ್ಪು ತಿದ್ದಿ, ಸಹಿ ಮಾಡಿದರು.

ಮಗು ಈಗ ಅಂಗನವಾಡಿಗೆ ಹೋಗುತ್ತಿದೆ. ವೈನಿ ಮನೆಯಲ್ಲಿದ್ದಾರೆ, ಓಣಿಯ ಮಕ್ಕಳು ಸಂಜೆ ಲೆಕ್ಕ ಕೇಳಿಕೊಂಡು ಬಂದರೆ ಹೇಳಿಕೊಡುತ್ತಾರೆ. ಮೊನ್ನೆ ಸೂಟಿಗೆ ಹೋದಾಗ ನನ್ನದನ್ನೆಲ್ಲ ವೈನಿಗೆ ಹೇಳಿಬಿಟ್ಟೆ: ಚಿಮಣಿ, ಕೌದಿಯ ಸೂಜಿ, ನಾನೇ ಎದ್ದು ಹೋಗಿ ತಂದದ್ದು. ಜೋಳ ಹಸನು ಮಾಡುತ್ತಿದ್ದ ಅವರು ಮೊರ ಕೆಳಗಿಡಲಿಲ್ಲ.

“ಆ ತುಂಡು ಜೋಡಿಸಿ ನೋಡಿದಾಗನ ನಿಮಗ ತಿಳಿದಿತ್ತಲ್ರಿ, ವೈನಿ? ಮತ್ತ ಆ ಅರ್ಜಿಗೆ ಯಾಕ ಸಹಿ ಮಾಡಿದ್ರಿ?”

“ತಿಳಿದಿತ್ತು, ಅದಕ್ಕ ಮಾಡಿದೆ. ಮರುದಿನ ಕೂಸನ್ನ ಯಾರ ಕೈಯಾಗ ಬಿಟ್ಟು ಬಸ್ಸು ಹತ್ತಬೇಕಿತ್ತು?” ಎಂದರು ವೈನಿ.