ಲೈಟ್ ಡ್ಯೂಟಿ, ಹೆವಿ ಲೈಸೆನ್ಸು

ರಾಮನಾಥ ನಾಯಕರು ನಮ್ಮ ಶಾಲೆಯ ಅಧ್ಯಕ್ಷರು ಎಂದು ನಾನು ಸುಮಾರು ಅರ್ಧ ಗಂಟೆ ನಂಬಿದ್ದೆ. ಅಂಕೋಲೆಯ ಆ ಖಾಸಗಿ ಶಾಲೆಗೆ ಕನ್ನಡ ಮಾಸ್ತರನಾಗಿ ಸೇರಲು ಹೋದ ದಿನ ಅದು. ಗೇಟಿನ ಒಳಗೆ ಬಿಳಿ ಅಂಗಿ, ಬಿಳಿ ಪ್ಯಾಂಟಿನ ಒಬ್ಬರು ಬೆನ್ನ ಹಿಂದೆ ಕೈ ಕಟ್ಟಿ, ನಿಂತ ಬಸ್ಸಿನ ಟಯರುಗಳನ್ನು ಒಂದೊಂದಾಗಿ ನೋಡುತ್ತ ನಡೆಯುತ್ತಿದ್ದರು. ಇಷ್ಟು ಗಾಂಭೀರ್ಯದಿಂದ ಟಯರು ನೋಡುವವರು ಆ ಬಸ್ಸಿಗೆ ದುಡ್ಡು ಕೊಟ್ಟವರೇ ಇರಬೇಕು ಎಂದುಕೊಂಡು ನಾನು ಸೊಂಟ ಬಗ್ಗಿಸಿ ನಮಸ್ಕರಿಸಿದೆ. ಜೊತೆಗೆ ನನ್ನ ವಂಶ, ವಿದ್ಯೆ, ಬಹುಮಾನಗಳ ವಿವರಗಳನ್ನೂ ಒಪ್ಪಿಸಿ, ಹಾಜರಿ ಪತ್ರವನ್ನು ಅವರ ಕೈಗಿಟ್ಟೆ. ಅವರು ಕೊನೆಯ ಸಾಲಿನವರೆಗೂ ಓದಿ, ಮಡಚಿ, ವಾಪಸು ಕೊಟ್ಟರು.

"ಅಕ್ಷರ ಚಂದ ಅದೆ ಮಾಸ್ತರ್ರೆ. ಒಳಗೆ ಭಟ್ರಿಗೆ ಕೊಡಿ. ನಾ ಡ್ರೈವರ."

ಆ ಮೇಲೆ ವರ್ಷಗಟ್ಟಲೆ ಅವರ ಬಸ್ಸಿನಲ್ಲೇ ಓಡಾಡಿದ್ದೇನೆ. ನನ್ನ ಮನೆ ಅರ್ಗಾದಲ್ಲಿ. ಅಲ್ಲಿಂದ ಅಂಕೋಲೆಯವರೆಗೆ ಹೆದ್ದಾರಿಯುದ್ದಕ್ಕೂ ಮಕ್ಕಳನ್ನು ಹತ್ತಿಸಿಕೊಂಡು ಬರುವ ದೊಡ್ಡ ಬಸ್ಸು ಅವರದು. ಶಾಲೆಯಲ್ಲಿ ಅದಕ್ಕೆ 'ಕಾರವಾರ ರೂಟು' ಎಂದು ಹೆಸರು. ಉಳಿದ ಚಾಲಕರು ಸಣ್ಣ ವ್ಯಾನುಗಳನ್ನು ಓಡಿಸುತ್ತಾರೆ. ರಾಮನಾಥರು ಅವರನ್ನು 'ಲೈಟಿನವರು' ಎನ್ನುತ್ತಾರೆ. ಹೆವಿ ಲೈಸೆನ್ಸು ಇರುವವರು ಲೈಟ್ ಲೈಸೆನ್ಸಿನವರ ಬಗ್ಗೆ ಮಾತಾಡುವಾಗ, ಕಾದಂಬರಿ ಬರೆದವರು ಹನಿಗವನದವರ ಬಗ್ಗೆ ಮಾತಾಡುವಾಗಿನ ಒಂದು ಕರುಣೆ ದನಿಯಲ್ಲಿ ಬರುತ್ತದೆ. ನಾನು ಹನಿಗವನದವನಾದ್ದರಿಂದ ಆ ದನಿ ನನಗೆ ಚೆನ್ನಾಗಿ ಗೊತ್ತು.

ಕಳೆದ ಮಳೆಗಾಲದಲ್ಲಿ ಅವರ ಬೆನ್ನಿನ ಡಿಸ್ಕು ಜಾರಿತು. ಕ್ಲಚ್ ಒತ್ತಿದರೆ ಸೊಂಟದಿಂದ ಹಿಮ್ಮಡಿಯವರೆಗೆ ಬೆಂಕಿ ಇಳಿದಂತಾಗುತ್ತದೆ ಎಂದರು. ಹುಬ್ಬಳ್ಳಿಯಲ್ಲಿ ಆಪರೇಶನ್ ಆಯಿತು. ರಜೆ ತಿಂಗಳುಗಟ್ಟಲೆ ಬೆಳೆಯಿತು. ಬಸ್ಸಿಗೆ ತಾತ್ಕಾಲಿಕವಾಗಿ ನಿತೇಶ ಎಂಬ ಹುಷಾರಿ ತರುಣ ಬಂದ. ಬಂದ ವಾರದಲ್ಲೇ ಸ್ಟಿಯರಿಂಗಿಗೆ ಕೆಂಪು ಕವರು ಹಾಕಿದ. ಈ ಸುದ್ದಿಯನ್ನು ರಾಮನಾಥರಿಗೆ ಯಾರೂ ಹೇಳಬಾರದೆಂದು ನಾವೆಲ್ಲ ನಿಶ್ಚಯಿಸಿದೆವು. ಸಂಜೆಯೊಳಗೆ ಅವರಿಗೆ ಗೊತ್ತಾಗಿತ್ತು.

ಕೊನೆಗೆ ವೈದ್ಯರ ಪ್ರಮಾಣಪತ್ರ ಬಂತು. ಅದರಲ್ಲಿ ಇಂಗ್ಲಿಷಿನಲ್ಲಿ ಇದ್ದದ್ದು ಇಷ್ಟೇ: ಲೈಟ್ ಡ್ಯೂಟಿಗೆ ಫಿಟ್, ನಾಲ್ಕು ವಾರದ ನಂತರ ಮತ್ತೆ ತಪಾಸಣೆ.

ನಮ್ಮ ಆಡಳಿತಾಧಿಕಾರಿ ಹೇರಂಬ ಭಟ್ಟರು ಪತ್ರ ಬರೆಯುವುದನ್ನು ಒಂದು ಯಜ್ಞವೆಂದು ತಿಳಿದವರು. ದೀರ್ಘ ರಜೆಯಿಂದ ಮರಳುವವರಿಗೆ ಕರ್ತವ್ಯ ಪುನರಾರಂಭದ ಪತ್ರ ಕೊಡುವುದು ಅವರೇ ತಂದ ಪದ್ಧತಿ, ಮತ್ತು ಒಳ್ಳೆಯ ಪದ್ಧತಿ. ಯಾವತ್ತು ಬರಬೇಕು, ಏನು ಮಾಡಬೇಕು, ಏನು ಮಾಡಬಾರದು ಎಂಬುದು ಬಾಯಿಮಾತಿನಲ್ಲಿ ಉಳಿದರೆ ಮರಳಿದವನ ಪಾಡು ಸಿಕ್ಕವರ ಕೈಗೆ ಸಿಕ್ಕಂತೆ ಎಂದು ಅವರು ಹೇಳುತ್ತಿದ್ದರು. ರಾಮನಾಥರ ಪತ್ರವನ್ನು ಅವರು ಒಂದು ಬೆಳಿಗ್ಗೆ ಇಡೀ ಕೂತು ಬರೆದರು. 'ಘನ ಸಂಸ್ಥೆಯು ತಮ್ಮ ಆರೋಗ್ಯಪೂರ್ಣ ಪುನರಾಗಮನವನ್ನು ಸಹಾನುಭೂತಿಪೂರ್ವಕವಾಗಿ ಸ್ವಾಗತಿಸುತ್ತ, ವೈದ್ಯಕೀಯ ಶಿಫಾರಸಿನನ್ವಯ ತಮ್ಮನ್ನು ಲಘು ವಾಹನ ಕರ್ತವ್ಯಕ್ಕೆ ನಿಯೋಜಿಸಿದೆ' ಎಂಬುದು ಅದರ ಹೃದಯಭಾಗ. ಅದನ್ನು ತಲುಪಿಸುವ ಕೆಲಸ ನನ್ನ ಪಾಲಿಗೆ ಬಂತು.

ರಾಮನಾಥರ ಮನೆ ಬಾಳೆಗುಳಿಯಲ್ಲಿ. ಜಗಲಿಯ ಮೇಲೆ ನೆಟ್ಟಗಿನ ಕುರ್ಚಿಯಲ್ಲಿ, ಬೆಲ್ಟು ಕಟ್ಟಿಕೊಂಡು ಕೂತಿದ್ದರು. ಪತ್ರ ಓದಿದರು. ಮತ್ತೊಮ್ಮೆ ಓದಿದರು.

"ಲೈಟಾ?" ಎಂದರು. "ನಂಗೆ ಲೈಟಾ ಮಾಸ್ತರ್ರೆ?"

"ಸ್ವಲ್ಪ ದಿನಕ್ಕೆ..."

"ಸ್ವಲ್ಪ ದಿನಕ್ಕೆ ಅಂತ ಎಲ್ಲದೆ ಇದ್ರಾಗೆ? ತೋರ್ಸಿ."

ಎಲ್ಲೂ ಇರಲಿಲ್ಲ. ಭಟ್ಟರು ಸಹಾನುಭೂತಿಗೆ ಜಾಗ ಕೊಟ್ಟು ಅವಧಿಗೆ ಕೊಟ್ಟಿರಲಿಲ್ಲ.

"ಅಂದ್ರೆ ಬಸ್ ಆ ಕೆಂಪು ಕವರಿನವಂಗೆ ಖಾಯಂ. ನಂಗೆ ಓಮ್ನಿ. ಬೆನ್ನ ಕೊಯ್ದದ್ದು ಹುಬ್ಬಳ್ಳಿಯವ್ರು, ಹೆವಿ ಕೊಯ್ದದ್ದು ಭಟ್ರು. ನಾ ಬರೂದಿಲ್ಲ ಹೇಳಿಬಿಡಿ. ರಾಜೀನಾಮೆ ಬರ್ದು ಕೊಡ್ತೆ, ನೀವೇ ತಕಂಡು ಹೋಗಿ."

ಒಳಗಿಂದ ಅವರ ಹೆಂಡತಿ ನೀತಾ ಚಹಾ ಹಿಡಿದು ಬಂದರು. "ರಾಜೀನಾಮೆ ಬರ್ಯೂಕೆ ಅರ್ಧ ಗಂಟೆ ಬೇಕು. ಅಷ್ಟು ಹೊತ್ತು ಒಂದೇ ಕಡೆ ಕೂರ್ಬೇಡಿ ಅಂದಾರೆ ಡಾಕ್ಟ್ರು. ಏಳಿ, ನಾಲ್ಕು ಹೆಜ್ಜೆ ನಡೀರಿ ಮೊದ್ಲು."

ರಾಮನಾಥರು ಕೋಪದಿಂದಲೇ ಎದ್ದು, ಕೋಪದಿಂದಲೇ ಅಂಗಳದಲ್ಲಿ ನಡೆದರು. ನೀತಾ ಪತ್ರ ತೆಗೆದುಕೊಂಡು ಓದಿದರು.

"ಇದೆಂತಾ ಮಾಸ್ತರ್ರೆ? ತಪಾಸಣೆ ಆಗೂ ತನಕ ಇವ್ರು ಯಾವ ಗಾಡಿನೂ ಹೊಡೂಕಿಲ್ಲ ಅಂತ ಡಾಕ್ಟ್ರು ನನ್ನೆದ್ರೇ ಹೇಳಾರೆ. ಲೈಟ್ ಗಾಡಿಗೆ ಕ್ಲಚ್ ಇರೂದಿಲ್ವಾ?"

ಅಂಗಳದಲ್ಲಿ ನಡಿಗೆ ನಿಂತಿತು.

ಮರುದಿನ ನಾವು ಮೂವರೂ ಭಟ್ಟರ ಕೋಣೆಯಲ್ಲಿದ್ದೆವು. ಭಟ್ಟರು ಪ್ರಮಾಣಪತ್ರವನ್ನು ಬೆಳಕಿಗೆ ಹಿಡಿದು, "ಲೈಟ್ ಡ್ಯೂಟಿ ಅಂತ ಸ್ಪಷ್ಟ ಉಂಟಲ್ಲ. ಡ್ರೈವರಿಗೆ ಲೈಟ್ ಅಂದ್ರೆ ಲೈಟ್ ವೆಹಿಕಲ್ಲೇ. ಮತ್ತೇನು, ದೀಪ ಹಚ್ಚೂದಾ?" ಎಂದರು. ರಾಮನಾಥರೂ ತಲೆಯಾಡಿಸಿದರು. ಈ ಒಂದು ವಿಷಯದಲ್ಲಿ ಇಬ್ಬರಿಗೂ ಪೂರ್ಣ ಸಹಮತವಿತ್ತು. ಆ ಕೋಣೆಯಲ್ಲಿ ಲೈಟಿಗೆ ಬೇರೆ ಅರ್ಥವೇ ಇರಲಿಲ್ಲ.

"ಡಾಕ್ಟ್ರಿಗೇ ಕೇಳುವಾ ಅಲ್ದಾ?" ಎಂದರು ನೀತಾ.

ಭಟ್ಟರು ಫೋನು ಎತ್ತಿ ಒಂದು ಕ್ಷಣ ತಡೆದರು. ಅವರ ಬಗ್ಗೆ ನನಗೆ ಗೌರವ ಹೆಚ್ಚಿದ್ದು ಆ ಕ್ಷಣದಲ್ಲಿ. "ರಾಮನಾಥ, ನಿಂದು ಒಪ್ಪಿಗೆ ಬೇಕು. ಕಾಯಿಲೆ ಬಗ್ಗೆ ನಂಗೆ ಏನೂ ಬೇಡ. ಯಾವ ಕೆಲಸ ಆಗ್ತದೆ, ಯಾವುದು ಆಗೂದಿಲ್ಲ, ಅಷ್ಟೇ ಕೇಳ್ತೆ. ಬೇಕಾದ್ರೆ ಮಾಸ್ತರು ಹೊರಗೆ ಹೋಗ್ಲಿ."

"ಇರ್ಲಿ ಬಿಡಿ. ಹೊರಗೆ ಹೋದ್ರೂ ಕಿಟಕಿ ಹತ್ರನೇ ನಿಲ್ತಾರೆ" ಎಂದರು ರಾಮನಾಥರು.

ವಿಷಯ ಕೇಳಿದ ಹುಬ್ಬಳ್ಳಿಯ ಡಾಕ್ಟರ್ ವೈಶಾಲಿ ಫೋನಿನ ಸ್ಪೀಕರಿನಲ್ಲಿ ಜೋರಾಗಿ ನಕ್ಕರು. ನಗು ಮುಗಿದ ಮೇಲೆ ದನಿ ಗಟ್ಟಿಯಾಯಿತು. "ಕೆಲಸ ಹಗುರ ಇರಬೇಕು ಅಂತ ಬರೆದದ್ದು ಸರ್, ಗಾಡಿ ಹಗುರ ಅಂತಲ್ಲ. ಈಗ ಅವರು ಸ್ಕೂಟರನ್ನೂ ಹೊಡೆಯೋ ಹಾಗಿಲ್ಲ. ತಪ್ಪು ನಂದೂ ಇದೆ, ಬಿಡಿಸಿ ಬರೀಬೇಕಿತ್ತು."

ಅವರು ಬಿಡಿಸಿ ಬರೆದ ಹೊಸ ಪ್ರಮಾಣಪತ್ರ ಬಂತು. ಮುಂದಿನ ತಪಾಸಣೆಯವರೆಗೆ ವಾಹನ ಚಾಲನೆ ಇಲ್ಲ. ಭಾರ ಎತ್ತುವಂತಿಲ್ಲ, ಸೊಂಟ ಬಗ್ಗಿಸುವಂತಿಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಬೇಕು. ಚಾಲನೆಗೆ ಬೇರೆಯೇ ಪ್ರಮಾಣಪತ್ರ ಕೊಡಲಾಗುವುದು.

ಭಟ್ಟರು ಹಳೆಯ ಪತ್ರವನ್ನು, ರಾಜರು ಸೈನ್ಯವನ್ನು ಹಿಂದಕ್ಕೆ ಕರೆಸಿಕೊಳ್ಳುವ ಠೀವಿಯಲ್ಲಿ, ಹಿಂಪಡೆದರು. ಹೊಸದನ್ನು ಬರೆಯುವಾಗ ರಾಮನಾಥರನ್ನು ಎದುರಿಗೇ ನಿಲ್ಲಿಸಿಕೊಂಡರು. ಮೊದಲು ಕೂರಿಸಿದ್ದರು, ಆದರೆ ಅರ್ಧ ಗಂಟೆ ಮೀರಿತು. ಪ್ರತಿ ಸಾಲನ್ನೂ ಓದಿ ಹೇಳಿ, "ಅರ್ಥ ಆಯ್ತಾ?" ಎಂದು ಕೇಳಿದರು. ಆಗದಿದ್ದರೆ ಆ ಪದವನ್ನು ಹೊಡೆದು ಹಾಕಿದರು. ಹೀಗೆ 'ಘನ ಸಂಸ್ಥೆ' ಹೋಯಿತು, 'ಪುನರಾಗಮನ' ಹೋಯಿತು. ಉಳಿದದ್ದು ಹೀಗಿತ್ತು:

'ಮೊದಲ ನಾಲ್ಕು ವಾರ ಅರ್ಧ ದಿನ ಮಾತ್ರ ಬನ್ನಿ. ಬಸ್ಸುಗಳು ಹೊರಡುವ, ಬರುವ ಸಮಯ ಬರೆದಿಡಿ. ನಿತೇಶರಿಗೆ ನಿಲ್ದಾಣಗಳ, ಮಕ್ಕಳ ವಿವರ ಹೇಳಿಕೊಡಿ. ಯಾವ ವಾಹನವನ್ನೂ ಓಡಿಸಬೇಡಿ. ವೈದ್ಯರು ಚಾಲನೆಗೆ ಒಪ್ಪಿ ಬರೆದುಕೊಟ್ಟ ಮೇಲೆ ಎರಡನೇ ಹಂತ: ಅಂಕೋಲೆಯೊಳಗಿನ ಸಣ್ಣ ಸುತ್ತು, ಪಕ್ಕದಲ್ಲಿ ಇನ್ನೊಬ್ಬ ಚಾಲಕ. ಅದು ಸಲೀಸಾದ ಮೇಲೆ ಕಾರವಾರ ರೂಟು. ಆ ಬಸ್ಸು ನಿಮ್ಮದೇ, ನಿತೇಶರ ನೇಮಕ ತಾತ್ಕಾಲಿಕ. ಸಂಬಳಕ್ಕೂ ಸೇವಾ ಹಿರಿತನಕ್ಕೂ ಕುಂದಿಲ್ಲ. ಪ್ರತಿ ಹಂತದ ಕೊನೆಗೆ ಕೂತು ಮಾತಾಡೋಣ. ನೋವಾದರೆ ಆ ದಿನವೇ ನನಗೆ ಹೇಳಿ. ಹೇಳಿದ್ದನ್ನು ನಿಮ್ಮ ಮೇಲೆ ತಪ್ಪಾಗಿ ಎಣಿಸುವುದಿಲ್ಲ. ಹೇಳದಿದ್ದರೆ ಎಣಿಸುತ್ತೇನೆ.'

ಕೊನೆಯ ಎರಡು ಸಾಲಿನಷ್ಟು ಚಂದದ ಕನ್ನಡವನ್ನು ಭಟ್ಟರು ಅದುವರೆಗೆ ಬರೆದಿರಲಿಲ್ಲ. ರಾಮನಾಥರು ಅವನ್ನು ಮತ್ತೊಮ್ಮೆ ಓದಿ ರುಜು ಹಾಕಿದರು. ನೀತಾ ಕಿಟಕಿಯ ಕಡೆ ತಿರುಗಿ ನಿಂತರು.

ಮೊದಲ ಹಂತದಲ್ಲಿ ಅವರು ಗೇಟಿನ ಬಳಿ ಒಂದು ಕುರ್ಚಿ ಹಾಕಿಸಿಕೊಂಡು ಶಾಲೆಯ ಸಾರಿಗೆ ಸಚಿವರಾದರು. ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಹೊನ್ನು ಅವರನ್ನು ಗಡಿಯಾರ ನೋಡಿ ಎಬ್ಬಿಸುತ್ತಿದ್ದಳು. "ಏಳ್ರಾ ನಾಯ್ಕ್ರೆ, ನಿಮ್ಮ ಬೆಲ್ ಆಯ್ತು! ಕೂತಲ್ಲೇ ಬೇರು ಬಿಡ್ತದೆ!"

"ನಂಗೆ ಬೇರು, ನಿಂಗೆ ನಾಲಿಗೆ" ಎನ್ನುತ್ತ ಅವರು ಏಳುತ್ತಿದ್ದರು.

ನಿತೇಶನಿಗೆ ಅವರು ಕಲಿಸಿದ್ದು ನಿಲ್ದಾಣಗಳನ್ನಷ್ಟೇ ಅಲ್ಲ. ಯಾವ ಮಗು ಅಮದಳ್ಳಿ ದಾಟಿದರೆ ವಾಂತಿ ಮಾಡುತ್ತದೆ, ಯಾವ ಅಜ್ಜಿ ಮೊಮ್ಮಗನನ್ನು ಹತ್ತಿಸಿ ಬಸ್ಸು ಕಣ್ಮರೆಯಾಗುವವರೆಗೂ ರಸ್ತೆ ಬದಿಯಲ್ಲೇ ನಿಲ್ಲುತ್ತಾಳೆ, ಎಲ್ಲವೂ ಅದರಲ್ಲಿತ್ತು. ಹುಡುಗ ಒಳ್ಳೆಯವನು. ಕೆಂಪು ಕವರನ್ನು ತಾನಾಗಿ ಬಿಚ್ಚಿದ. "ಇರ್ಲಿ, ಕೈ ಬೆವರಿದ್ರೆ ಜಾರೂದಿಲ್ಲ" ಎಂದು ರಾಮನಾಥರು ಮತ್ತೆ ಹಾಕಿಸಿದರು.

ತಪಾಸಣೆಯಲ್ಲಿ ಡಾಕ್ಟರು ಚಾಲನೆಗೆ ಒಪ್ಪಿದರು. ಎರಡನೇ ಹಂತ ಶುರುವಾದ ಕೆಲವು ದಿನಗಳಲ್ಲೇ ಸಣ್ಣ ಸುತ್ತು ಮುಗಿಸಿ ಇಳಿದ ರಾಮನಾಥರು ಬಸ್ಸಿಗೆ ಒರಗಿ ನಿಂತೇ ಇದ್ದರು. ಮುಖ ಬಿಳಿಚಿತ್ತು. ನಾನು ನೋಡಿದ್ದನ್ನು ಅವರೂ ನೋಡಿದರು. ಸುಮ್ಮನಿದ್ದರೆ ಮುಂದಿನ ವಾರ ಕಾರವಾರ ರೂಟು, ಹೇಳಿದರೆ ಹಿಂದಕ್ಕೆ. ಸ್ವಲ್ಪ ಹೊತ್ತು ಟಯರನ್ನೇ ನೋಡಿ, ಆಮೇಲೆ ನಿಧಾನವಾಗಿ ಭಟ್ಟರ ಕೋಣೆಗೆ ನಡೆದರು.

"ಕಾಲಿಗೆ ಮತ್ತೆ ಎಳೀತದೆ ಭಟ್ರೆ."

ನಾನು ಭಾಷಣ ನಿರೀಕ್ಷಿಸಿದ್ದೆ. ಭಟ್ಟರು ಹೇಳಿದ್ದು ಒಂದೇ ಮಾತು: "ಹೇಳಿದ್ದು ಒಳ್ಳೇದಾಯ್ತು. ನಾಳೆಯಿಂದ ಕುರ್ಚಿ." ಡಾಕ್ಟರಿಗೆ ಫೋನು ಹೋಯಿತು, ವ್ಯಾಯಾಮ ಬದಲಾಯಿತು, ಹಂತ ಉದ್ದವಾಯಿತು. ಚಾಲಕನ ಆಸನದ ಬೆನ್ನಿಗೆ ಸೊಂಟಕ್ಕೊಂದು ಆಸರೆ ಕೂರಿಸಿದರು. ಸಿಬ್ಬಂದಿ ಕೋಣೆಯಲ್ಲಿ ಯಾರೂ 'ಮತ್ತೆ ರಜೆಯಾ' ಎನ್ನಲಿಲ್ಲ. ಬೇರೆ ಕಡೆ ಕೆಲಸ ಮಾಡಿ ಬಂದ ನನಗೆ ಗೊತ್ತು, ಇದು ಸಣ್ಣ ಸಂಗತಿಯಲ್ಲ. ಸಂಜೆ ರಾಮನಾಥರು ಹೇಳಿದರು: "ಹೊರಗೆ ಹಾಕ್ತಾರೆ ಅಂತ ಮಾಡಿದ್ದೆ ಮಾಸ್ತರ್ರೆ. ಕುರ್ಚಿ ಹಾಕಿದ್ರು."

ಮುಂದಿನ ತಪಾಸಣೆಗೆ ಹೋದಾಗ ಅವರು ಡಾಕ್ಟರ ಎದುರು ಕೂತು, ಪ್ರಮಾಣಪತ್ರದಲ್ಲಿ 'ಹೆವಿ' ಎಂಬ ಪದ ಇಲ್ಲದೆ ಏಳುವುದಿಲ್ಲವೆಂದರಂತೆ. ಡಾಕ್ಟರು 'ಹೆವಿ ಪ್ರಯಾಣಿಕ ವಾಹನ ಓಡಿಸಲು ಫಿಟ್' ಎಂದು ಪೂರ್ತಿ ಬರೆದು, ಕೆಳಗೆ ಗೆರೆಯನ್ನೂ ಎಳೆದರಂತೆ.

ಸಣ್ಣ ಸುತ್ತು ಈ ಸಲ ಸಲೀಸಾಗಿ ಮುಗಿಯಿತು. ಕಾರವಾರ ರೂಟು ಮರಳಿ ಅವರ ಕೈಗೆ ಬಂದ ಸಂಜೆ ಮಕ್ಕಳೆಲ್ಲ ಹತ್ತಿ ಕೂತಿದ್ದರು, ನಾನು ಮುಂದಿನ ಸೀಟಿನಲ್ಲಿದ್ದೆ. ಇಂಜಿನು ಶುರುವಾಗಿತ್ತು. ಭಟ್ಟರು ಬಸ್ಸಿನ ಎದುರು ಬಂದು ನಿಂತು ಭವಿಷ್ಯ, ಸಂಸ್ಥೆ, ಸುರಕ್ಷತೆಗಳ ಬಗ್ಗೆ ಕೈಯೆತ್ತಿ ಎರಡು ಮಾತಾಡಿದರು. ಇಂಜಿನಿನ ಸದ್ದಿಗೆ ಒಂದೂ ಕೇಳಲಿಲ್ಲ. ಕೊನೆಗೆ ದನಿ ಎತ್ತರಿಸಿ ಕೂಗಿದರು:

"ರಾಮನಾಥ, ಬಹಳ ದಿನ ಆಯ್ತಲ್ಲ, ಬ್ರೇಕು ಎಲ್ಲದೆ ಅಂತ ನೆನಪದ್ಯಾ?"

ರಾಮನಾಥರು ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಬಸ್ಸಿನ ಮುಂದೆ ನಿಂತ್ಕಂಡು ಅದ್ನ ಕೇಳ್ಬೇಡಿ ಭಟ್ರೆ. ಬದಿಗೆ ಸರ್ಕಳಿ."