ಇತರೆ ಕಡಿತ ಎಂಬ ಕಲೆ

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷದಿಂದ ಕಲೆ ತೆಗೆಯುತ್ತಿದ್ದ ಆತನನ್ನು ಎಲ್ಲರೂ ಕಲೆಮಾವ ಎನ್ನುತ್ತಿದ್ದರು. ಹೊಸದಾಗಿ ಬಂದ ಡಾಕ್ಟರೊಬ್ಬರು ಇದನ್ನು ಕೇಳಿ, ಇವರು ಚಿತ್ರ ಬರೆಯುವವರೇ ಇರಬೇಕು ಎಂದುಕೊಂಡು, ತಮ್ಮ ಭಾವಚಿತ್ರ ಬರೆದುಕೊಡುತ್ತೀರಾ ಎಂದು ಕೇಳಿದ್ದರಂತೆ. ಕಲೆಮಾವ ಅವರ ಕೋಟಿನ ತೋಳನ್ನು ಒಮ್ಮೆ ಮೂಸಿ, "ಬೆಳಿಗ್ಗೆ ಆರನೇ ವಾರ್ಡು, ಅಯೋಡಿನ್ನು. ಮಧ್ಯಾಹ್ನ ಸಾರು. ಚಿತ್ರ ಆಗ್ಲೇ ಇದೆ ಸಾರ್, ನಾನೇನು ಬರೀಲಿ?" ಎಂದ. ಮೂಗು ಅಂಥದ್ದು. ಮೂರನೇ ಮಹಡಿಯಲ್ಲಿ ಯಾರಾದರೂ ಕಾಫಿ ಚೆಲ್ಲಿದರೆ ನೆಲಮಾಳಿಗೆಯಲ್ಲಿ ಆತ ಸೋಪು ಹುಡುಕುತ್ತಿದ್ದನೆಂದು ಜನ ಹೇಳುತ್ತಾರೆ. ನಾನು ಸುಳ್ಳೆಂದು ಹೇಳಲಾರೆ, ಅಷ್ಟೆ.

ಮನುಷ್ಯನ ಮೈಯಿಂದ ಬರುವ ಎಲ್ಲವನ್ನೂ ಕಂಡವನಿಗೆ ಯಾವುದಕ್ಕೂ ಹೇಸಿಗೆ ಇರಲಿಲ್ಲ. ವಾಂತಿಯ ಬಟ್ಟೆಯ ರಾಶಿಯ ಪಕ್ಕ ಕೂತು ಬನ್ನು ತಿನ್ನುತ್ತಿದ್ದ. ಅಂಥವನಿಗೆ ಮೊದಲ ಸಲ ಹೊಟ್ಟೆ ತೊಳಸಿದ್ದು ಒಂದು ಪೇಸ್ಲಿಪ್ ನೋಡಿ.

ತಿಂಗಳ ಕೊನೆಯ ದಿನ ಮೊಬೈಲಿಗೆ ಬಂದ ಆ ಸಂಬಳದ ಚೀಟಿಯಲ್ಲಿ, ಭವಿಷ್ಯನಿಧಿ, ವಿಮೆ ಇವೆಲ್ಲ ಮುಗಿದ ಮೇಲೆ ಒಂದು ಸಾಲು ಇತ್ತು: ಇತರೆ ಕಡಿತ, ಎಲ್-೭, ಒಂಬೈನೂರ ಐವತ್ತು. ಎಲ್-೭ ಎಂದರೆ ಏನೆಂದು ಮೇಲೂ ಇಲ್ಲ, ಕೆಳಗೂ ಇಲ್ಲ. ಹಿಂದಿನ ತಿಂಗಳ ಚೀಟಿಯಲ್ಲಿ ಆ ಸಾಲೇ ಇರಲಿಲ್ಲ.

ಒಂಬೈನೂರ ಐವತ್ತು ಎಂದರೆ ಆತನ ಹೆಂಡತಿಯ ಕಿವಿಯಂತ್ರದ ಒಂದು ತಿಂಗಳ ಕಂತು. ಯಂತ್ರ ರಿಪೇರಿಗೆಂದು ಅಂಗಡಿಯಲ್ಲಿತ್ತು. ಹತ್ತನೇ ತಾರೀಕಿನೊಳಗೆ ಕಂತು ಕಟ್ಟದಿದ್ದರೆ ಕೊಡುವುದಿಲ್ಲ ಎಂದು ಅಂಗಡಿಯವನು ಕಡ್ಡಿ ಮುರಿದ ಹಾಗೆ ಹೇಳಿದ್ದ. ಅದಿಲ್ಲದೆ ಆ ಮನೆಯಲ್ಲಿ "ಉಪ್ಪು ಕಡಿಮೆ" ಎನ್ನಬೇಕಾದರೂ ಬೀದಿಯ ತುದಿಯ ನಾಯಿಗಳು ಎದ್ದು ನಿಲ್ಲುವಷ್ಟು ಕಿರುಚಬೇಕು.

"ಕಂತು ಹೋಯ್ತು ಕಣೇ! ಸಂಬಳದಲ್ಲಿ ಕಡಿದಿದ್ದಾರೆ!" ಎಂದು ಕಲೆಮಾವ ಕೂಗಿದ.

"ಯಾರಿಗೆ ಕಡಿದಿದ್ದು? ನಾಯಿನಾ?" ಎಂದಳು ಹೆಂಡತಿ.

"ನಾಯಿಯಾಗಿದ್ರೆ ಇಂಜೆಕ್ಷನ್ ಇತ್ತು!"

ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಕಲೆಮಾವ, ಮೂರನೇ ಮಹಡಿಯಲ್ಲಿ ಸಂಬಳದ ಲೆಕ್ಕ ನೋಡುವ ಪೇರೋಲಿನವರಿಗೆ ಮೇಲ್ ಬರೆಯಲು ಒಂದೇ ಬೆರಳಲ್ಲಿ ಮೊಬೈಲು ಕುಟ್ಟುತ್ತ ಕೂತ. ಪಕ್ಕದಲ್ಲಿ ಇಸ್ತ್ರಿ ಯಂತ್ರ ನೋಡಿಕೊಳ್ಳುವವಳು, ಎಲ್ಲರ ಬಾಯಲ್ಲಿ ಇಸ್ತ್ರಿಯಕ್ಕ, ಬಗ್ಗಿ ಓದಿದಳು. ಮೊದಲ ಸಾಲೇ "ಎಂಜಲು ಕಾಸಿಗೆ ಬಾಯಿಬಿಡುವ ಹೊಲಸರೇ" ಎಂದಿತ್ತು. ಎರಡನೆಯದನ್ನು ಇಲ್ಲಿ ಬರೆದರೆ ಕಾಗದಕ್ಕೇ ಕಲೆ ಹತ್ತುತ್ತದೆ.

"ಮಾವ, ರಕ್ತದ ಕಲೆಗೆ ಯಾವ ನೀರು?" ಎಂದಳು ಅಕ್ಕ.

"ತಣ್ಣೀರು. ಬಿಸಿನೀರು ಹಾಕಿದ್ರೆ ಕಚ್ಕೊಂಡ್ಬಿಡುತ್ತೆ, ಜನ್ಮದಲ್ಲಿ ಹೋಗಲ್ಲ. ಇದೇನು, ನಂಗೇ ಪಾಠನಾ?"

"ಹಾಗಾದ್ರೆ ಇದೇನು ಕುದೀತಿರೋದು? ಇದನ್ನ ಕಳಿಸಿದ್ರೆ ಅವ್ರು ಕಡಿತದ ಮಾತು ಬಿಟ್ಟು ನಿಮ್ಮ ಬೈಗುಳ ಹಿಡ್ಕೊಂಡು ಕೂರ್ತಾರೆ. ಇನ್ನೊಂಚೂರು ಮೂಸಿ ನೋಡಿ, ಯಾವ ಕಲೆ ಅಂತ ಗೊತ್ತಾಯ್ತಾ?"

ಕಲೆ ಯಾವುದೆಂದು ತಿಳಿಯದೆ ಉಜ್ಜಬಾರದು ಎಂದು ಇಡೀ ಲಾಂಡ್ರಿಗೆ ಹೇಳಿಕೊಟ್ಟವನು ಕಲೆಮಾವನೇ. ಹಲ್ಲು ಕಚ್ಚಿ ಎಲ್ಲವನ್ನೂ ಅಳಿಸಿದ. ಹೀಗೆ ಬರೆದ:

"ಪೇರೋಲ್ ವಿಭಾಗದವರಿಗೆ ನಮಸ್ಕಾರ. ನಾನು ಲಾಂಡ್ರಿ ವಿಭಾಗದ ಸಿಬ್ಬಂದಿ ಸಂಖ್ಯೆ ೩೦೮. ನಿನ್ನೆ ಬಂದ ನನ್ನ ಪೇಸ್ಲಿಪ್ಪಿನಲ್ಲಿ 'ಇತರೆ ಕಡಿತ, ಎಲ್-೭' ಎಂದು ೯೫೦ ಕಡಿತವಾಗಿದೆ. ಅದರ ಹಿಂದಿನ ತಿಂಗಳ ಚೀಟಿಯಲ್ಲಿ ಇದು ಇರಲಿಲ್ಲ. ಎರಡೂ ಚೀಟಿಗಳನ್ನು ಲಗತ್ತಿಸಿದ್ದೇನೆ. ಈ ಕಡಿತ ಯಾವುದಕ್ಕೆಂದು ತಿಳಿಸಿ, ನಾನು ಒಪ್ಪಿಗೆ ಕೊಟ್ಟ ಪತ್ರವಿದ್ದರೆ ಅದರ ಪ್ರತಿ ಕಳಿಸಿ. ತಪ್ಪಾಗಿದ್ದರೆ, ಹತ್ತನೇ ತಾರೀಕಿನೊಳಗೆ ಹಿಂತಿರುಗಿಸಲು ಸಾಧ್ಯವೇ ಎಂದು ತಿಳಿಸಿ. ವಂದನೆಗಳು."

ಬರೆದು ಮುಗಿಸುವಷ್ಟರಲ್ಲಿ ಆತನ ಬೆವರಿನಿಂದ ಎರಡು ಬಕೆಟ್ ತುಂಬಿತ್ತು. "ಇಷ್ಟು ಮರ್ಯಾದೆ ನಮ್ಮ ಬೀಗರಿಗೂ ಕೊಟ್ಟಿಲ್ಲ" ಎಂದ.

"ಇಸ್ತ್ರಿ ಚೆನ್ನಾಗಿದೆ ಮಾವ. ಒಂದು ಸುಕ್ಕಿಲ್ಲ. ಕಳ್ಸಿ."

ಮೂರು ದಿನಕ್ಕೆ ಉತ್ತರ ಬಂತು. ಎಲ್-೭ ಎಂದರೆ ಸಮವಸ್ತ್ರ ಒಗೆತದ ಶುಲ್ಕ. ಕಳೆದ ತಿಂಗಳಿಂದ ಹೊಸ ತಂತ್ರಾಂಶ ಬಂದಿದೆ, ಸಮವಸ್ತ್ರ ಪಡೆದವರೆಲ್ಲರಿಗೂ ಅದು ಅನ್ವಯ.

ಕಲೆಮಾವ ಅದನ್ನು ಮೂರು ಸಲ ಓದಿದ. ತನ್ನ ಮೈಮೇಲಿನ ನೀಲಿ ಅಂಗಿ ನೋಡಿದ. ಅದನ್ನು ಒಗೆದವನು ತಾನೇ, ಇದೇ ತೊಟ್ಟಿಯಲ್ಲಿ, ಇದೇ ಕೈಯಲ್ಲಿ. ಇಪ್ಪತ್ತಾರು ವರ್ಷದ ಕೀವು, ಮಲ, ವಾಂತಿಗೆ ಬಾರದ ಓಕರಿಕೆ ಆ ಎರಡು ಸಾಲಿಗೆ ಬಂತು.

"ನನ್ನ ಬಟ್ಟೆ ನಾನೇ ಒಗೆದಿದ್ದಕ್ಕೆ ನನ್ನ ಹತ್ರಾನೇ ದುಡ್ಡು! ಥೂ! ಇವ್ರ ಸಾಫ್ಟ್‌ವೇರನ್ನ ಬ್ಲೀಚಲ್ಲಿ ಅದ್ದಬೇಕು!"

"ತಣ್ಣೀರು ಮಾವ, ತಣ್ಣೀರು" ಎಂದಳು ಅಕ್ಕ.

ಇನ್ನೊಂದು ತಣ್ಣನೆಯ ಮೇಲ್ ಹೋಯಿತು. ಸಮವಸ್ತ್ರ ಒಗೆತದ ಶುಲ್ಕ ಲಾಂಡ್ರಿ ಸಿಬ್ಬಂದಿಗೆ ಇಲ್ಲವೆಂದು ತನ್ನ ನೇಮಕಾತಿ ಪತ್ರದ ನಾಲ್ಕನೇ ಪುಟದಲ್ಲಿದೆ, ಪುಟದ ಫೋಟೋ ಲಗತ್ತಿಸಿದೆ, ತನ್ನ ಒಪ್ಪಿಗೆಯ ಪತ್ರ ಇನ್ನೂ ಬಂದಿಲ್ಲ. ಅಷ್ಟೆ. ಒಂದು ಬೈಗುಳವಿಲ್ಲ, ಒಂದು ಉದ್ಗಾರ ಚಿಹ್ನೆಯಿಲ್ಲ.

ಎಂಟನೇ ತಾರೀಕು ಮೇಲಿನಿಂದ ಉತ್ತರ ಬಂತು. ಪರಿಶೀಲಿಸಿದೆವು. ಹಳೆಯ ವಿನಾಯಿತಿಯ ಪಟ್ಟಿ ಹೊಸ ತಂತ್ರಾಂಶಕ್ಕೆ ಸೇರಿಲ್ಲ. ಸಾಮಾನ್ಯವಾಗಿ ಮುಂದಿನ ಸಂಬಳದ ಜೊತೆ ಹೊಂದಾಣಿಕೆ ಮಾಡುತ್ತೇವೆ, ಆದರೆ ತಪ್ಪು ನಮ್ಮದಾದ್ದರಿಂದ ಮೇಲಧಿಕಾರಿಯ ಒಪ್ಪಿಗೆ ಪಡೆದು ನಾಳೆಯೇ ಪ್ರತ್ಯೇಕವಾಗಿ ಜಮಾ ಮಾಡುತ್ತೇವೆ. ಕೊನೆಯಲ್ಲಿ ಒಂದು ಸಾಲು: "ಸಿಬ್ಬಂದಿ ಸಂಖ್ಯೆ ೩೦೮ಕ್ಕೆ ಮಾತ್ರ ಸರಿಪಡಿಸಲಾಗಿದೆ. ಬೇರೆ ಯಾರಿಂದಲೂ ದೂರು ಬಂದಿಲ್ಲ."

ಇಸ್ತ್ರಿಯಕ್ಕ ತನ್ನ ಚೀಟಿ ತೆರೆದಳು. ಎಲ್-೭. ಒಣಗಿಸುವವನು ತೆರೆದ. ಎಲ್-೭. ಲಾಂಡ್ರಿಯ ಹನ್ನೆರಡು ಜನರಲ್ಲಿ ಉಳಿದ ಹನ್ನೊಂದು ಜನರಿಗೂ ಅದೇ ಸಾಲು. ಯಾರೂ ನೋಡಿರಲಿಲ್ಲ.

"ಪಟ್ಟಿ ಸೇರಿಲ್ಲ ಅಂತ ಅವ್ರಿಗೇ ಗೊತ್ತಾಗಿದೆ. ಆದ್ರೂ ಉಳಿದವ್ರದ್ದು ಜೇಬಲ್ಲೇ ಇಟ್ಕೊಂಡಿದಾರೆ. ಹೊದಿಕೆ ತೊಳೀದೆ ಮಡಚಿಟ್ಟ ಹಾಗೆ. ಥೂ!" ಎಂದ ಕಲೆಮಾವ. ಬಾಯಿ ಕಹಿಯಾಗಿ ಅರ್ಧ ಬನ್ನು ಹಾಗೇ ಇಟ್ಟ. ಹಾಗೆ ಇಟ್ಟದ್ದು ಇಪ್ಪತ್ತಾರು ವರ್ಷದಲ್ಲಿ ಅದೇ ಮೊದಲು. ಅವತ್ತು ಸಂಜೆಯೊಳಗೆ ಹನ್ನೊಂದು ಮೊಬೈಲುಗಳಿಂದ ಹನ್ನೊಂದು ತಣ್ಣನೆಯ ಮೇಲ್‌ಗಳು ಮೂರನೇ ಮಹಡಿಗೆ ಹೋದವು. ಬದಲಾದದ್ದು ಸಿಬ್ಬಂದಿ ಸಂಖ್ಯೆಯೂ ಲಗತ್ತಿಸಿದ ಚೀಟಿಗಳೂ ಮಾತ್ರ.

ಹತ್ತನೇ ತಾರೀಕು ಬೆಳಿಗ್ಗೆ ಕಂತು ಕಟ್ಟಿ ಕಿವಿಯಂತ್ರ ತಂದ. ಹೆಂಡತಿ ಅದನ್ನು ಕಿವಿಗೆ ಸಿಕ್ಕಿಸಿಕೊಂಡು ಒಲೆಯ ಕಡೆ ತಿರುಗಿದಳು. ಕಲೆಮಾವ ಬೂಟು ಬಿಚ್ಚುತ್ತ ಗೋಡೆಯ ಕಡೆ ಮುಖ ಮಾಡಿ, ತುಟಿಯೊಳಗೇ, ಎರಡೂ ಮೇಲ್‌ಗಳಲ್ಲಿ ಅಳಿಸಿ ಹಾಕಿದ್ದನ್ನೆಲ್ಲ ಒಂದೊಂದಾಗಿ ಹೊರಗೆ ಹಾಕತೊಡಗಿದ. ಪೇರೋಲಿನವರ ತಂತ್ರಾಂಶ, ಅದರ ಅಪ್ಪ, ಆ ಅಪ್ಪನ ಸಮವಸ್ತ್ರ, ಯಾವುದನ್ನೂ ಬಿಡಲಿಲ್ಲ.

ಹೆಂಡತಿಯ ಸೌಟು ನಿಂತಿತು.

"ಏನ್ರೀ ಇದು ಗಲೀಜು ಮಾತು! ಮೇಲ್ ತಣ್ಣಗೆ ಬರ್ದೆ ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗ್ತಿದ್ರಲ್ಲ?"

"ಬರ್ದಿದ್ದು ತಣ್ಣಗೇನೇ" ಎಂದ ಕಲೆಮಾವ, ಮೆಲ್ಲಗೆ. "ಹಿಂಡಿದ ನೀರು ಎಲ್ಲಾದ್ರೂ ಚೆಲ್ಲಬೇಕಲ್ಲ."

"ಹಾಗಾದ್ರೆ ಬಚ್ಚಲಿಗೆ ಹೋಗಿ ಚೆಲ್ಲಿ" ಎಂದಳು ಅವಳು. ಒಂದು ಅಕ್ಷರವನ್ನೂ ತಪ್ಪು ಕೇಳಿಸಿಕೊಂಡಿರಲಿಲ್ಲ.