ಬಾಲ ಕಿತ್ತ ಗಾಳಿಪಟ

ಕಾಗದದ ವಿಮಾನದ ಸುತ್ತಿನಲ್ಲಿ ನಮ್ಮ ಶಾಲೆಯ ಎರಡೂ ತಂಡಗಳು ಸಮವಾದವು. ಇನ್ನು ಗಾಳಿಪಟವೇ ನಿರ್ಣಾಯಕ. ಗಾಳಿಯ ಎಳೆತ ವಿಮಾನದ ವೇಗ ತಿನ್ನುತ್ತದೆ ಎಂದು ನಾನು ಪಾಠದಲ್ಲಿ ಹೇಳಿದ್ದನ್ನು ಕೇಳಿದ್ದ ಏಳನೆಯ ತರಗತಿಯ ಹುಡುಗಿ, ತನ್ನ ತಂಡದ ಪಟದ ಬಾಲಂಗೋಚಿಯನ್ನೇ ಕಿತ್ತೊಗೆದಿದ್ದಳು. ಗಾಳಿ ಎತ್ತಿದ್ದೇ ತಡ, ಪಟ ಗರಗರ ತಿರುಗಿ ನೆಲಕ್ಕೆ ಬಿತ್ತು.

ಉಳಿದದ್ದು ಒಂದೇ ಅವಕಾಶ. ತೀರ್ಪುಗಾರನಾದ ನಾನು ಬಾಯಿ ಬಿಡುವಂತಿರಲಿಲ್ಲ. ಅವಳು ಬೇಲಿಯಾಚೆಯ ಕಬ್ಬಿನ ಹೊಲಕ್ಕೆ ಓಡಿ, ರವದಿ, ಅಂದರೆ ಕಬ್ಬಿನ ಉದ್ದನೆಯ ಒಣ ಗರಿ, ತಂದು ಪಟದ ಕೆಳತುದಿಗೆ ಕಟ್ಟಿದಳು. ದಾರ ಬಿಗಿಯಿತು. ಪಟ ಒಮ್ಮೆ ಓಲಾಡಿ, ನೆಟ್ಟಗಾಗಿ ಏರತೊಡಗಿತು.

"ಎಳೆತ ಬ್ಯಾಡಂತ ಬಾಲ ಕಿತ್ತಿದ್ದಿ ಅಲ್ಲೇನವಾ?" ಎಂದೆ.

"ಹಿಂದ ಜಗ್ಗವ್ರು ಇರಬೇಕ್ರಿ ಸರ," ಎಂದಳು, ಪಟದಿಂದ ಕಣ್ಣು ತೆಗೆಯದೆ. "ಇಲ್ಲಂದ್ರ ಮ್ಯಾಲ ಹೋದಕೂಡ್ಲೆ ತಲಿ ತಿರಗತೈತಿ."